ಮುಚ್ಚಳ ತೆರೆದ ಸೋಡಾ ಸಪ್ಪೆಯಾಗುವುದೇಕೆ? ತಕ್ಕಡಿ ಹಿಡಿದು ನೋಡುವ ಬಗೆ

ಏಪ್ರಿಲ್ ತಿಂಗಳ ಮಧ್ಯಾಹ್ನ ಕೋಲಾರದ ಯಾವುದೇ ಬೀದಿಯಲ್ಲಿ ಬೀಡಾ ಅಂಗಡಿ ಮುಂದೆ ಐದು ನಿಮಿಷ ನಿಂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಅಣ್ಣಾ, ಇದ್ರಲ್ಲಿ ಗ್ಯಾಸೇ ಇಲ್ಲ." ಅಂಗಡಿಯವರ ಉತ್ತರವೂ ಸಿದ್ಧವಾಗಿರುತ್ತದೆ: "ಈಗ ತಾನೇ ಓಪನ್ ಮಾಡಿದ್ದು ಸ್ವಾಮಿ." ಇಬ್ಬರದೂ ನಿಜವಿರಬಹುದು. ಬಿಸಿಲಿಗೆ ಕಾದ ಬಾಟಲಿಯನ್ನು ಈಗ ತಾನೇ ತೆರೆದರೂ ಲೋಟಕ್ಕೆ ಬೀಳುವಷ್ಟರಲ್ಲಿ ಅದರ ಗ್ಯಾಸು ಬಹುಪಾಲು ಹಾರಿಹೋಗಿರುತ್ತದೆ. ಎಷ್ಟು ಹಾರಿತು, ಎಷ್ಟು ಉಳಿಯಿತು ಎಂಬುದನ್ನು ಮನೆಯಲ್ಲೇ ತೂಕ ಹಾಕಿ ಹೇಳಬಹುದು. ಗ್ಯಾಸಿಗೂ ತೂಕವಿದೆ. 300 ಮಿಲಿಲೀಟರ್ ಸೋಡಾದಲ್ಲಿ ಅದು ಸುಮಾರು 2 ಗ್ರಾಂ. ಚಿನ್ನದಂಗಡಿಯವರು ಬಳಸುವಂಥ ಸಣ್ಣ ಡಿಜಿಟಲ್ ತಕ್ಕಡಿಗೆ 2 ಗ್ರಾಂ ಎಂದರೆ ದೊಡ್ಡ ಅಂಕಿಯೇ.

ಮೊದಲು ಲೆಕ್ಕ ನೋಡೋಣ, ಆಮೇಲೆ ತೂಕ.

ಒಂದೇ ಒಂದು ನಿಯಮ, ಒಂದು ಸಣ್ಣ ಪಟ್ಟಿ

ಸೋಡಾದಲ್ಲಿರುವ ಗ್ಯಾಸು ಕಾರ್ಬನ್ ಡೈಆಕ್ಸೈಡ್. ನೀರಿನ ಮೇಲೆ ಈ ಗ್ಯಾಸು ಎಷ್ಟು ಒತ್ತುತ್ತದೋ ಅದಕ್ಕೆ ತಕ್ಕಷ್ಟು ನೀರಿನೊಳಗೆ ಕರಗಿ ನಿಲ್ಲುತ್ತದೆ. ಒತ್ತಡ ಎರಡು ಪಟ್ಟಾದರೆ ಕರಗಿರುವುದೂ ಎರಡು ಪಟ್ಟು, ಅರ್ಧವಾದರೆ ಅರ್ಧ. ಇಂಗ್ಲೆಂಡಿನ ವಿಲಿಯಂ ಹೆನ್ರಿ 1803ರಲ್ಲಿ ಇದನ್ನು ಹೇಳಿದ್ದರಿಂದ ಇದಕ್ಕೆ ಹೆನ್ರಿ ನಿಯಮ ಎಂದೇ ಹೆಸರು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಏಕೆಂದರೆ ಮುಂದೆ ಬರುವ ಅರ್ಧ ತಪ್ಪುಗಳು ಹುಟ್ಟುವುದೇ ಇದನ್ನು ಮರೆಯುವುದರಿಂದ. ಲೆಕ್ಕಕ್ಕೆ ಬರುವುದು ಕಾರ್ಬನ್ ಡೈಆಕ್ಸೈಡ್ ಒಂದರ ಒತ್ತಡ ಮಾತ್ರ. ಬಾಟಲಿಯೊಳಗೆ ಬರೀ ಗಾಳಿಯನ್ನು ಎಷ್ಟೇ ಅದುಮಿ ತುಂಬಿದರೂ, ಸೋಡಾದೊಳಗಿನ ಗ್ಯಾಸಿನ ಮಟ್ಟಿಗೆ ಅಲ್ಲಿ ಜಾಗ ಖಾಲಿ ಇದ್ದಂತೆಯೇ.

ಒತ್ತಡದ ಜೊತೆಗೆ ಕೈ ಹಾಕುವ ಇನ್ನೊಂದು ಸಂಗತಿ ಬಿಸಿ. ಸಕ್ಕರೆ, ಉಪ್ಪು ಬಿಸಿನೀರಲ್ಲಿ ಬೇಗ ಕರಗುವುದನ್ನು ನೋಡಿ ಗ್ಯಾಸೂ ಹಾಗೇ ಇರಬೇಕು ಎಂದುಕೊಳ್ಳುವವರುಂಟು. ಗ್ಯಾಸಿನ ದಾರಿ ತದ್ವಿರುದ್ಧ. ನೀರು ಬಿಸಿಯಾದಷ್ಟೂ ಅದರ ಕಣಗಳು ಗ್ಯಾಸಿನ ಕಣಗಳನ್ನು ಹಿಡಿದಿಟ್ಟುಕೊಳ್ಳಲಾರವು. ಕಾರ್ಬನ್ ಡೈಆಕ್ಸೈಡ್‌ನ ಒತ್ತಡ 1 ಅಟ್ಮಾಸ್ಫಿಯರ್ ಇದ್ದಾಗ, ಅಂದರೆ ಸಮುದ್ರಮಟ್ಟದಲ್ಲಿ ಗಾಳಿ ಒತ್ತುವಷ್ಟೇ ಇದ್ದಾಗ, ಒಂದು ಲೀಟರ್ ನೀರು ಹಿಡಿಯುವ ಗ್ಯಾಸು ಇಷ್ಟು:

| ಉಷ್ಣತೆ | ಲೀಟರಿಗೆ ಗ್ರಾಂ |
|---|---|
| 5° ಸೆ. (ಫ್ರಿಜ್) | 2.77 |
| 20° ಸೆ. | 1.69 |
| 30° ಸೆ. (ಬೇಸಿಗೆಯಲ್ಲಿ ಮನೆಯೊಳಗೆ) | 1.26 |
| 40° ಸೆ. (ಬಿಸಿಲಿಗೆ ನಿಂತ ಕಾರು) | 0.97 |

ಫ್ರಿಜ್ಜಿನಿಂದ ಅಡುಗೆಮನೆ ಕಟ್ಟೆಗೆ ಬರುವಷ್ಟರಲ್ಲಿ ನೀರಿನ ಹಿಡಿತ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ ಎಂಬುದನ್ನು ಗಮನಿಸಿ. ಲೆಕ್ಕ ಹಾಕುವ ಸೂತ್ರವೂ ಇಷ್ಟೇ: ಕರಗಿರುವ ಗ್ಯಾಸು = ಪಟ್ಟಿಯ ಅಂಕಿ × ಗ್ಯಾಸಿನ ಒತ್ತಡ.

ನಮ್ಮ ಕಡೆಗೆ ಒಂದು ಸಣ್ಣ ತಿದ್ದುಪಡಿ ಬೇಕು. ಕೋಲಾರ, ತುಮಕೂರು ಎರಡೂ ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿವೆ, ಚಿಕ್ಕಬಳ್ಳಾಪುರ ಇನ್ನೂ ಸ್ವಲ್ಪ ಮೇಲೆ. ಇಲ್ಲಿ ಗಾಳಿಯ ಒತ್ತಡ 1 ಅಲ್ಲ, ಸುಮಾರು 0.92 ಅಟ್ಮಾಸ್ಫಿಯರ್. ಮುಂದಿನ ಲೆಕ್ಕದಲ್ಲೆಲ್ಲ ಈ 0.92 ಬರುತ್ತದೆ. ನಂದಿಬೆಟ್ಟದ ಮೇಲೆ ಅದು ಇನ್ನೂ ಇಳಿದು 0.85ರ ಹತ್ತಿರ ಬರುತ್ತದೆ. ಬೆಟ್ಟ ಹತ್ತುವಾಗ ಚಿಪ್ಸ್ ಪ್ಯಾಕೆಟ್ ಉಬ್ಬುವುದೂ ಇದರಿಂದಲೇ.

ತೂಕ ಹಾಕಲು ಏನೇನು ಬೇಕು

ಒಂದೇ ಕಂಪನಿಯ, ಒಂದೇ ದಿನ ತುಂಬಿದ 300 ಮಿಲಿಯ ಪ್ಲೇನ್ ಸೋಡಾ ಮೂರು ಬಾಟಲಿ ತನ್ನಿ. ತುಂಬಿದ ದಿನಾಂಕ ಬಾಟಲಿಯ ಕತ್ತಿನ ಹತ್ತಿರವೋ ಮುಚ್ಚಳದ ಮೇಲೋ ಇರುತ್ತದೆ. ಅದು ಏಕೆ ಮುಖ್ಯವೆಂದರೆ ಪ್ಲಾಸ್ಟಿಕ್ ಬಾಟಲಿಯ ಗೋಡೆಯ ಮೂಲಕವೂ ಗ್ಯಾಸು ನಿಧಾನವಾಗಿ ಸೋರುತ್ತಲೇ ಇರುತ್ತದೆ. ಮೂರು ತಿಂಗಳು ಹಳೆಯದನ್ನೂ ಹೊಸದನ್ನೂ ಹೋಲಿಸಿದರೆ ಲೆಕ್ಕ ಕೆಡುತ್ತದೆ. ಕೋಲಾ, ಕಿತ್ತಳೆ ಡ್ರಿಂಕು ಬೇಡ. ಸಕ್ಕರೆ ಇದ್ದರೆ ನೊರೆ ಹೆಚ್ಚು, ನೊರೆಯ ಜೊತೆ ಹನಿ ಹೊರಗೆ ಸಿಡಿಯುತ್ತದೆ, ಮತ್ತು ಹೊರಗೆ ಹೋದ ಒಂದೊಂದು ಹನಿಯೂ ಗ್ಯಾಸಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ತಕ್ಕಡಿ 500 ಗ್ರಾಂ ತಡೆಯಬೇಕು, 0.1 ಗ್ರಾಂ ತೋರಿಸಬೇಕು. ಅಡುಗೆಮನೆ ತಕ್ಕಡಿಗಳಲ್ಲಿ ಬಹಳಷ್ಟು 1 ಗ್ರಾಂ ಮಾತ್ರ ತೋರಿಸುತ್ತವೆ, ಅವು ಈ ಕೆಲಸಕ್ಕೆ ಸಾಲವು. ಜೊತೆಗೆ ಒಂದು ಥರ್ಮಾಮೀಟರ್, ಒಣಬಟ್ಟೆ, ಮತ್ತು ಅದೇ ಅಳತೆಯ ಖಾಲಿ ಬಾಟಲಿಗೆ ಮಾಮೂಲಿ ನೀರು ತುಂಬಿ ಮುಚ್ಚಿದ್ದು ಒಂದು. ಈ ನೀರಿನ ಬಾಟಲಿಯ ಕೆಲಸ ಆಮೇಲೆ ಗೊತ್ತಾಗುತ್ತದೆ.

ಮೊದಲ ಬಾಟಲಿ: ಒಟ್ಟು ಗ್ಯಾಸು ಎಷ್ಟಿತ್ತು?

ಬಾಟಲಿ ಮನೆಯ ಬಿಸಿಯಲ್ಲೇ ಇರುವಾಗ ಹೊರಮೈ ಒರೆಸಿ, ಮುಚ್ಚಳದ ಸಮೇತ ತೂಕ ಮಾಡಿ ಬರೆದುಕೊಳ್ಳಿ. ಆಮೇಲೆ ಅದನ್ನು ಮೂರ್ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ. ಬಿಸಿ ಬಾಟಲಿಯನ್ನು ನೇರವಾಗಿ ತೆರೆದರೆ ಚಿಮ್ಮಿ ಹನಿ ಹೊರಗೆ ಹೋಗುತ್ತದೆ, ಅದಕ್ಕೇ ಈ ಸುತ್ತುದಾರಿ.

ತಣ್ಣಗಾದ ಮೇಲೆ ಮುಚ್ಚಳವನ್ನು ಕಾಲು ಸುತ್ತು ಮಾತ್ರ ತಿರುಗಿಸಿ. ಸುಸ್ ಎಂಬ ಸದ್ದು ಬರುತ್ತದೆ, ಗುಳ್ಳೆ ಏಳುತ್ತವೆ. ನೊರೆ ಕತ್ತಿನ ಹತ್ತಿರ ಬಂದ ಕೂಡಲೇ ಬಿಗಿ ಮಾಡಿ. ನೊರೆ ಇಳಿಯಲಿ, ಮತ್ತೆ ಸಡಿಲಿಸಿ. ಹೀಗೆ ಮೂರ್ನಾಲ್ಕು ಸಲ ಆದ ಮೇಲೆ ಬಾಟಲಿಯನ್ನು ಹೊರಗಿಟ್ಟು ಮನೆಯ ಬಿಸಿಗೆ ಬರಲು ಬಿಡಿ. ಈಗ ಬಿಗಿಯಾಗಿ ಮುಚ್ಚಿ ಚೆನ್ನಾಗಿ ಅಲ್ಲಾಡಿಸಿ, ಒಂದು ನಿಮಿಷ ನಿಲ್ಲಿಸಿ, ನಿಧಾನವಾಗಿ ಗ್ಯಾಸು ಬಿಡಿ. ಪುನಃ ಮುಚ್ಚಿ, ಅಲ್ಲಾಡಿಸಿ, ಬಿಡಿ. ಎಂಟು ಹತ್ತು ಸಲ ಮಾಡಬೇಕಾಗುತ್ತದೆ. ಅಲ್ಲಾಡಿಸಿದ ಮೇಲೂ ಬಾಟಲಿ ಕೈಯಲ್ಲಿ ಮೆತ್ತಗೇ ಉಳಿದರೆ, ಬಿಡುವಾಗ ಸದ್ದೇ ಬರದಿದ್ದರೆ ಕೆಲಸ ಮುಗಿಯಿತು. ಒಣಗಿಸಿ ತೂಕ ಮಾಡಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೊದಲ ತೂಕ 324.6 ಗ್ರಾಂ, ಕೊನೆಯದು 323.0 ಗ್ರಾಂ ಬಂತೆನ್ನಿ. ಹೋದ ಗ್ಯಾಸು 1.6 ಗ್ರಾಂ.

ಅಷ್ಟೇ ಇತ್ತು ಎಂದು ಬರೆದರೆ ತಪ್ಪಾಗುತ್ತದೆ. ಮುಚ್ಚಿ ಅಲ್ಲಾಡಿಸುವಾಗ ಬಾಟಲಿಯ ಮೇಲುಭಾಗದಲ್ಲಿ ಇದ್ದದ್ದು ಹೊರಗಿನ ಗಾಳಿಯಲ್ಲ, ಸೋಡಾದಿಂದಲೇ ಬಂದ ಕಾರ್ಬನ್ ಡೈಆಕ್ಸೈಡು. ಅದರ ಒತ್ತಡ ಕೊನೆಯಲ್ಲೂ ಹೊರಗಿನಷ್ಟೇ, 0.92. ಅದರಲ್ಲಿ ನೀರಿನ ಆವಿಯ ಪಾಲು ಸುಮಾರು 0.04 ಕಳೆದರೆ 0.88. ಆದ್ದರಿಂದ 30 ಡಿಗ್ರಿಯಲ್ಲಿ ಲೀಟರಿಗೆ 1.26 × 0.88, ಅಂದರೆ 1.1 ಗ್ರಾಂ ಗ್ಯಾಸು ನೀರಿನೊಳಗೇ ಉಳಿದಿದೆ. 300 ಮಿಲಿಗೆ ಅದು 0.33 ಗ್ರಾಂ. ಇದನ್ನು ಕೂಡಿಸಿದರೆ ಒಟ್ಟು 1.93 ಗ್ರಾಂ, ಲೀಟರಿಗೆ ಸುಮಾರು 6.4 ಗ್ರಾಂ. ಬಾಟಲಿಯ ಕತ್ತಿನಲ್ಲಿ ಮೊದಲೇ ಇದ್ದ ಗ್ಯಾಸೂ ಈ ಲೆಕ್ಕದಲ್ಲಿ ಸೇರಿಕೊಂಡಿದೆ. ಅದು ಸಣ್ಣದಾದ್ದರಿಂದ ಬಿಟ್ಟಿದ್ದೇವೆ. ನಿಮ್ಮ ಸೋಡಾದಲ್ಲಿ ಲೀಟರಿಗೆ 6ರಿಂದ 8 ಗ್ರಾಂ ಒಳಗೆ ಬಂದರೆ ಅಳತೆ ಸರಿಯಿದೆ ಎಂದು ನಂಬಬಹುದು. 10 ದಾಟಿದರೆ ಎಲ್ಲೋ ಹನಿ ಚೆಲ್ಲಿದೆ. 4ಕ್ಕಿಂತ ಕಡಿಮೆ ಬಂದರೆ ಸೋಡಾ ಹಳೆಯದು, ಇಲ್ಲವೇ ಅಲ್ಲಾಡಿಸಿದ್ದು ಸಾಲದು.

ಅದೇ ಅಂಕಿಯಿಂದ ಬಾಟಲಿಯೊಳಗಿನ ಒತ್ತಡ

6.4 ಕೈಗೆ ಬಂದ ಮೇಲೆ ಉಳಿದದ್ದು ಭಾಗಾಕಾರ. ಫ್ರಿಜ್ಜಿನ 5 ಡಿಗ್ರಿಯಲ್ಲಿ ಈ ಗ್ಯಾಸನ್ನು ನೀರಿನೊಳಗೆ ಹಿಡಿದಿಡಲು 6.4 ÷ 2.77, ಸುಮಾರು 2.3 ಅಟ್ಮಾಸ್ಫಿಯರ್ ಬೇಕು. 30 ಡಿಗ್ರಿಯಲ್ಲಿ 6.4 ÷ 1.26, ಅಂದರೆ 5.1. 40 ಡಿಗ್ರಿಯಲ್ಲಿ 6.6. ಬಾಟಲಿ ಅದೇ, ಸೋಡಾ ಅದೇ, ಮುಚ್ಚಳ ತೆರೆದೇ ಇಲ್ಲ. ಬದಲಾದದ್ದು ಬಿಸಿ ಒಂದೇ.

ಪಂಕ್ಚರ್ ಅಂಗಡಿಯ ಮೀಟರ್ ಓದಿನಲ್ಲಿ ಹೇಳಬೇಕೆಂದರೆ, ಹೊರಗಿನ ಒತ್ತಡ ಕಳೆದು, ಫ್ರಿಜ್ಜಿನ ಬಾಟಲಿಯಲ್ಲಿ ಸುಮಾರು 20 ಪಿಎಸ್‌ಐ. ಸ್ಕೂಟರಿನ ಮುಂದಿನ ಚಕ್ರದಲ್ಲಿ ಇರುವಷ್ಟು. ಕಟ್ಟೆಯ ಮೇಲಿಟ್ಟದ್ದರಲ್ಲಿ 60ರ ಆಸುಪಾಸು, ಕಾರಿನ ಟೈರಿನ ಎರಡರಷ್ಟು. ಬಿಸಿಲಿಗೆ ನಿಂತ ಕಾರಿನೊಳಗೆ 80 ದಾಟುತ್ತದೆ. ಬಾಟಲಿಯ ಮೈಯನ್ನು ಹೆಬ್ಬೆರಳಿಂದ ಒತ್ತಿ ನೋಡಿದರೆ ಇದು ಕೈಗೇ ತಿಳಿಯುತ್ತದೆ. ಫ್ರಿಜ್ಜಿನದು ಸ್ವಲ್ಪ ಬಾಗುತ್ತದೆ, ಹೊರಗಿನದು ಕಲ್ಲಿನ ಹಾಗೆ ನಿಲ್ಲುತ್ತದೆ. ಹಾಗೆಂದು ಪರೀಕ್ಷೆಗಾಗಿ ಮುಚ್ಚಿದ ಬಾಟಲಿಯನ್ನು ಬಿಸಿನೀರಲ್ಲಿ ಇಡುವುದು, ಗಾಜಿನ ಬಾಟಲಿಯನ್ನು ಬಿಸಿಲಿಗೆ ಹಾಕುವುದು ಮಾಡಬೇಡಿ. ಗಾಜು ಒಡೆದರೆ ಚೂರುಗಳು ಮುಖಕ್ಕೆ ಬರುತ್ತವೆ.

ಎರಡನೆಯ, ಮೂರನೆಯ ಬಾಟಲಿ: ತೆರೆದಿಟ್ಟರೆ ಏನಾಗುತ್ತದೆ

ಈಗ ಒಂದು ಬಾಟಲಿ ಫ್ರಿಜ್ಜಿನಲ್ಲಿ, ಇನ್ನೊಂದು ಹೊರಗೆ. ಎರಡನ್ನೂ ಆಯಾ ಜಾಗದಲ್ಲೇ ನಿಧಾನವಾಗಿ ತೆರೆದು ಮುಚ್ಚಳ ತೆಗೆದಿಡಿ. ಹೊರಗಿನದನ್ನು ತೆರೆಯುವಾಗ ಐದಾರು ನಿಮಿಷ ತೆಗೆದುಕೊಂಡರೂ ಚಿಂತೆಯಿಲ್ಲ. ಹನಿ ಚೆಲ್ಲಬಾರದು. ಮುಚ್ಚಳದ ತೂಕವನ್ನು ಬೇರೆಯಾಗಿ ಬರೆದುಕೊಂಡಿದ್ದರೆ ಕಳೆಯಲು ಸುಲಭ. ನಂತರ ಹತ್ತು ನಿಮಿಷಕ್ಕೊಮ್ಮೆ ಒಂದು ಗಂಟೆ, ಆಮೇಲೆ ಗಂಟೆಗೊಮ್ಮೆ ತೂಕ ಮಾಡಿ ಬರೆಯುತ್ತ ಹೋಗಿ.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಫ್ರಿಜ್ಜಿನಿಂದ ತೆಗೆದ ಬಾಟಲಿ ತಕ್ಕಡಿಯ ಮೇಲೆ ಕೂತಿರುವಾಗಲೇ ಅದರ ಮೈ ಬೆವರುತ್ತದೆ. ಗಾಳಿಯ ತೇವ ತಣ್ಣನೆಯ ಮೈಗೆ ಅಂಟಿ ಹನಿಯಾಗುತ್ತದೆ, ಅರ್ಧ ಗ್ರಾಂ ಕೂಡಿಕೊಳ್ಳಲು ಹೆಚ್ಚು ಹೊತ್ತು ಬೇಡ. ಗ್ಯಾಸು ಹೋಗುತ್ತಿದ್ದರೂ ತೂಕ ಏರುತ್ತಿರುವಂತೆ ಕಾಣುತ್ತದೆ. ನೀರು ತುಂಬಿದ ಬಾಟಲಿ ಬೇಕಾದದ್ದು ಈಗ. ಅದನ್ನೂ ಮುಚ್ಚಳ ತೆಗೆದು ಅದೇ ಫ್ರಿಜ್ಜಿನಲ್ಲಿಡಿ, ಪ್ರತಿ ಸಲ ಅದನ್ನೂ ತೆಗೆದು, ಅಷ್ಟೇ ಹೊತ್ತಿನಲ್ಲಿ ಒರೆಸಿ, ತೂಕ ಮಾಡಿ. ಅದರಲ್ಲಿ ಕಂಡ ಏರಿಳಿತವೆಲ್ಲ ಬೆವರು ಮತ್ತು ಆವಿಯದು. ಅಷ್ಟನ್ನು ಸೋಡಾದ ಲೆಕ್ಕದಿಂದ ಕಳೆಯಿರಿ. ಜೂನ್ ನಂತರ, ಮಳೆ ಹಿಡಿದ ದಿನಗಳಲ್ಲಿ ಈ ಪರೀಕ್ಷೆ ಮಾಡಿದರೆ ಬೆವರು ಇನ್ನೂ ಜಾಸ್ತಿ.

ಅಂಕಿಗಳನ್ನು ಕಾಗದದ ಮೇಲೆ ಗೆರೆಯಾಗಿ ಎಳೆದರೆ ಎರಡು ಹಂತ ಕಾಣುತ್ತವೆ.

ಮೊದಲ ಹಂತ ಗುಳ್ಳೆಗಳದ್ದು. ತೆರೆದ ಕ್ಷಣದಲ್ಲಿ ಒತ್ತಡ 0.92ಕ್ಕೆ ಇಳಿಯಿತು. ಆ ಒತ್ತಡದಲ್ಲಿ ತಣ್ಣನೆಯ ಸೋಡಾ ಲೀಟರಿಗೆ 2.55 ಗ್ರಾಂ ಹಿಡಿಯಬಲ್ಲದು, ಬಿಸಿಯದು 1.16 ಮಾತ್ರ. ಎರಡರಲ್ಲೂ ಇರುವುದು 6.4. ತಣ್ಣನೆಯದರಲ್ಲಿ ಇರಬೇಕಾದ್ದಕ್ಕಿಂತ ಎರಡೂವರೆ ಪಟ್ಟು ಇದೆ, ಬಿಸಿಯದರಲ್ಲಿ ಐದೂವರೆ ಪಟ್ಟು. ಗುಳ್ಳೆ ಹುಟ್ಟುವ, ಬೆಳೆಯುವ ವೇಗವನ್ನು ನಿರ್ಧರಿಸುವುದು ಈ ಪಟ್ಟು. ಆದ್ದರಿಂದ ಬಿಸಿ ಬಾಟಲಿಯ ಗೆರೆ ಮೊದಲಲ್ಲೇ ಕಡಿದಾಗಿ ಕೆಳಗೆ ಇಳಿಯುತ್ತದೆ, ಫ್ರಿಜ್ಜಿನದು ಇಳಿಜಾರಾಗಿ ಸಾಗುತ್ತದೆ.

ಎರಡನೆಯ ಹಂತದಲ್ಲಿ ಗುಳ್ಳೆ ಇರುವುದಿಲ್ಲ, ಆದರೂ ಸೋಡಾ ಸಪ್ಪೆಯಾಗುತ್ತಲೇ ಇರುತ್ತದೆ. 1.16ಕ್ಕೆ ಇಳಿದ ಮೇಲೆ ಗುಳ್ಳೆ ಕಟ್ಟಲು ಬೇಕಾದ ಒತ್ತಡ ಇರುವುದಿಲ್ಲ. ಆದರೆ ಮೇಲಿನ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡು ಇರುವುದು ಹತ್ತು ಸಾವಿರದಲ್ಲಿ ನಾಲ್ಕು ಪಾಲು ಮಾತ್ರ. ಹಾಗಾಗಿ ನೀರಿನ ಮೇಲ್ಮೈಯಿಂದ ಗ್ಯಾಸು ಸದ್ದಿಲ್ಲದೆ ಹೋಗುತ್ತದೆ, ಲೀಟರಿಗೆ ಒಂದು ಮಿಲಿಗ್ರಾಂ ಕೂಡ ಉಳಿಯದವರೆಗೆ. ಬಾಟಲಿಯ ಬಾಯಿ ಸಣ್ಣದು, ಅದಕ್ಕೇ ಇದಕ್ಕೆ ಗಂಟೆಗಟ್ಟಲೆ ಬೇಕು. ಅಗಲ ಬಾಯಿಯ ಪಾತ್ರೆಗೆ ಸುರಿದಿಟ್ಟರೆ ಬಹಳ ಬೇಗ ಮುಗಿಯುತ್ತದೆ. ನಮ್ಮ ನಾಲಿಗೆಗೆ ಚುರುಕು ಮುಟ್ಟಿಸುವುದು ಗುಳ್ಳೆಗಿಂತ ಹೆಚ್ಚಾಗಿ ಕರಗಿರುವ ಗ್ಯಾಸಿನಿಂದಾಗುವ ಹುಳಿ. ಗುಳ್ಳೆ ಏಳುವುದು ನಿಂತ ಸೋಡಾ ಕುಡಿದರೂ ಸ್ವಲ್ಪ ಹೊತ್ತು ಅದರ ಕಚ್ಚು ಇರುವುದು ಇದರಿಂದ.

ಗುಳ್ಳೆ ಎಲ್ಲಿ ಹುಟ್ಟುತ್ತದೆ

ಇಷ್ಟೊಂದು ಗ್ಯಾಸು ಹೆಚ್ಚಾಗಿದ್ದರೂ ತೆರೆದ ಕೂಡಲೇ ಎಲ್ಲ ಒಟ್ಟಿಗೆ ಸಿಡಿದು ಹೊರಬರುವುದಿಲ್ಲ. ನಯವಾದ ನೀರಿನ ನಡುವೆ ಗುಳ್ಳೆಯೊಂದು ತಾನಾಗಿ ಹುಟ್ಟುವುದು ಕಷ್ಟ. ಅದಕ್ಕೆ ಮೊದಲೇ ಒಂದಿಷ್ಟು ಗಾಳಿ ಅಡಗಿರುವ ಸಂದು ಬೇಕು: ಲೋಟದ ಗೀರು, ಒರೆಸಿದ ಬಟ್ಟೆಯ ನೂಲೆಳೆ, ಉಪ್ಪಿನ ಕಾಳು, ಐಸಿನ ಒರಟು ಮೈ. ಲೋಟದಲ್ಲಿ ಒಂದೇ ಜಾಗದಿಂದ ಗುಳ್ಳೆಗಳು ಸರಮಾಲೆಯಂತೆ ಏಳುತ್ತಿದ್ದರೆ ಬುಡದಲ್ಲಿ ಅಂಥ ಒಂದು ಸಂದು ಇದೆ ಎಂದು ಅರ್ಥ.

ಉಪ್ಪು ಸೋಡಾ ಮಾಡುವವರಿಗೆ ಇದು ದಿನಬಳಕೆಯ ವಿಷಯ. ಲೋಟದಲ್ಲಿ ಸೋಡಾ ತುಂಬಿದ ಮೇಲೆ ಉಪ್ಪು ಉದುರಿಸಿದರೆ ಬುರುಬುರು ನೊರೆ ಎದ್ದು ಕಟ್ಟೆಯೆಲ್ಲ ಒದ್ದೆ. ನೋಡಲು ಚೆಂದ, ಆದರೆ ಗಿರಾಕಿ ದುಡ್ಡು ಕೊಟ್ಟ ಗ್ಯಾಸು ಗಾಳಿಗೆ ಹೋಯಿತು. ಉಪ್ಪು ನೀರಿನ ಹಿಡಿತವನ್ನು ಕಡಿಮೆ ಮಾಡುವುದೂ ಉಂಟು, ಆದರೆ ಒಂದು ಚಿಟಿಕೆಗೆ ಅದು ಲೆಕ್ಕಕ್ಕಿಲ್ಲ. ಕಾಳುಗಳ ಮೈಮೇಲಿನ ಗಾಳಿಯೇ ಇಲ್ಲಿ ಕಾರಣ. ಬೇಕಿದ್ದರೆ ಅಷ್ಟೇ ಉಪ್ಪನ್ನು ಒಂದು ಚಮಚ ನೀರಲ್ಲಿ ಪೂರ್ತಿ ಕರಗಿಸಿ ಸೋಡಾಕ್ಕೆ ಹಾಕಿ ನೋಡಿ, ನೊರೆ ಅಷ್ಟು ಏಳದು. ಆದ್ದರಿಂದ ಸರಿಯಾದ ಕ್ರಮ ಹೀಗೆ: ಲೋಟಕ್ಕೆ ಮೊದಲು ನಿಂಬೆರಸ, ಅದಕ್ಕೆ ಉಪ್ಪು, ಕಾಳು ಉಳಿಯದಂತೆ ಕದಡಿ, ಐಸನ್ನು ಒಮ್ಮೆ ನೀರಲ್ಲಿ ತೊಳೆದು ಹಾಕಿ, ಕೊನೆಗೆ ತಣ್ಣನೆಯ ಸೋಡಾವನ್ನು ಓರೆಯಾಗಿ ಹಿಡಿದ ಲೋಟದ ಗೋಡೆಗುಂಟ ಇಳಿಬಿಡಿ. ಮೇಲಿಂದ ಮತ್ತೆ ಚಮಚ ಆಡಿಸಬೇಡಿ.

ಅಲ್ಲಾಡಿಸಿದ ಬಾಟಲಿ ಚಿಮ್ಮುವುದೂ ಇದೇ ಕಾರಣಕ್ಕೆ. ಇನ್ನೂ ತೆರೆಯದ ಬಾಟಲಿಯನ್ನು ಅಲ್ಲಾಡಿಸಿದರೆ ಒತ್ತಡ ಏರುತ್ತದೆ ಎಂಬುದು ನಿಜವಲ್ಲ. ಮೇಲಿನ ಗ್ಯಾಸು ಸಾವಿರಾರು ಸಣ್ಣ ಗುಳ್ಳೆಗಳಾಗಿ ನೀರೊಳಗೆ ಸೇರಿಕೊಳ್ಳುತ್ತದೆ, ತೆರೆದಾಗ ಅವೆಲ್ಲ ಒಟ್ಟಿಗೆ ಉಬ್ಬುತ್ತವೆ. ಬಸ್ಸಿನ ಡಿಕ್ಕಿಯಲ್ಲಿ ಕುಲುಕಿ ಬಂದ ಬಾಟಲಿಯನ್ನು ಫ್ರಿಜ್ಜಿನಲ್ಲಿ ನಿಲ್ಲಿಸಿಟ್ಟು ಆಮೇಲೆ ತೆರೆಯಿರಿ, ಸಾಕು.

ಮಿಕ್ಕಿದ ಸೋಡಾ ಇಡುವುದು ಹೇಗೆ

ಮನೆಗಳಲ್ಲಿ ಹೆಚ್ಚು ಪೋಲಾಗುವುದು ಇಲ್ಲೇ, ಹಾಗಾಗಿ ಲೆಕ್ಕವನ್ನು ಪೂರ್ತಿ ಬಿಡಿಸಿ ನೋಡೋಣ. 750 ಮಿಲಿಯ ಬಾಟಲಿಯಲ್ಲಿ ಎರಡು ಲೋಟ ಕುಡಿದು 250 ಮಿಲಿ ಮಿಕ್ಕಿದೆ. ಅದರಲ್ಲಿ ಇನ್ನೂ ಲೀಟರಿಗೆ 6 ಗ್ರಾಂ, ಅಂದರೆ ಒಟ್ಟು 1.5 ಗ್ರಾಂ ಗ್ಯಾಸು ಉಳಿದಿದೆ ಎನ್ನೋಣ. ಮೇಲೆ 500 ಮಿಲಿ ಖಾಲಿ ಜಾಗ, ಅದರಲ್ಲಿ ಬರೀ ಗಾಳಿ. ಮುಚ್ಚಳ ಬಿಗಿ ಮಾಡಿದರೂ ಗ್ಯಾಸು ನೀರಿನಿಂದ ಎದ್ದು ಈ ಖಾಲಿ ಜಾಗಕ್ಕೆ ಹೋಗುತ್ತದೆ, ಎರಡು ಕಡೆಯ ಒತ್ತಡ ಸಮವಾಗುವವರೆಗೂ.

ಫ್ರಿಜ್ಜಿನಲ್ಲಿ, ಒತ್ತಡ 1 ಇದ್ದಾಗ 250 ಮಿಲಿ ನೀರು 0.69 ಗ್ರಾಂ ಹಿಡಿಯುತ್ತದೆ, 500 ಮಿಲಿ ಖಾಲಿ ಜಾಗ 0.97 ಗ್ರಾಂ. ಎರಡೂ ಸೇರಿ 1.66. ನಮ್ಮಲ್ಲಿರುವುದು 1.5, ಆದ್ದರಿಂದ ಗ್ಯಾಸಿನ ಒತ್ತಡ 0.9ಕ್ಕೆ ನಿಲ್ಲುತ್ತದೆ, ನೀರಿನಲ್ಲಿ ಉಳಿಯುವುದು ಲೀಟರಿಗೆ 2.5 ಗ್ರಾಂ. ಅದೇ ಬಾಟಲಿಯನ್ನು ಹೊರಗೆ 30 ಡಿಗ್ರಿಯಲ್ಲಿ ಮುಚ್ಚಿಟ್ಟರೆ 1.6 ಗ್ರಾಂ. ಒಂದು ಹನಿ ಗ್ಯಾಸೂ ಹೊರಗೆ ಸೋರಿಲ್ಲ. ಎಲ್ಲ ಬಾಟಲಿಯೊಳಗೇ ಇದೆ, ನೀರಿನಲ್ಲಿ ಮಾತ್ರ ಇಲ್ಲ. ಸಂಜೆ ಯಾರೋ ಬಂದು ಮುಚ್ಚಳ ತೆರೆದು, ಕುಡಿಯದೆ ಹಾಗೇ ಮುಚ್ಚಿದರೂ ಖಾಲಿ ಜಾಗದ ಗ್ಯಾಸು ಹೋಯಿತು. ಫ್ರಿಜ್ಜಿನಲ್ಲೇ ಇದ್ದರೂ 2.5 ಇದ್ದದ್ದು ನಾಳೆ ಬೆಳಿಗ್ಗೆಗೆ 1ರ ಹತ್ತಿರ.

ಪರಿಹಾರ ಖಾಲಿ ಜಾಗವನ್ನು ಕಡಿಮೆ ಮಾಡುವುದು. ಮಿಕ್ಕ 250 ಮಿಲಿಯನ್ನು ತಣ್ಣಗಿರುವಾಗಲೇ, ಮೊದಲೇ ತಣ್ಣಗೆ ಮಾಡಿಟ್ಟ 300 ಮಿಲಿ ಬಾಟಲಿಗೆ ಗೋಡೆಗುಂಟ ನಿಧಾನವಾಗಿ ಇಳಿಸಿ ಮುಚ್ಚಿ. ಸುರಿಯುವಾಗ ಸ್ವಲ್ಪ ಗ್ಯಾಸು ಹೋಗಿಯೇ ಹೋಗುತ್ತದೆ. 6 ಇದ್ದದ್ದು 5ಕ್ಕೆ ಇಳಿಯಿತೆಂದರೂ, 50 ಮಿಲಿ ಖಾಲಿ ಜಾಗದ ಜೊತೆ ಸಮವಾದ ಮೇಲೆ ನೀರಿನಲ್ಲಿ ಲೀಟರಿಗೆ 4.4 ಗ್ರಾಂ ಉಳಿಯುತ್ತದೆ. ದೊಡ್ಡ ಬಾಟಲಿಯಲ್ಲಿ 2.5, ಇಲ್ಲಿ 4.4. ಸುರಿಯುವಾಗಿನ ನಷ್ಟ ಸೇರಿಸಿದರೂ ಇದೇ ಲಾಭ. ಬಾಟಲಿ ಗ್ಯಾಸಿನ ಡ್ರಿಂಕಿನದ್ದೇ ಆಗಿರಬೇಕು. ತೆಳು ನೀರಿನ ಬಾಟಲಿಯ ಮುಚ್ಚಳ ಒತ್ತಡ ತಡೆಯಲು ಮಾಡಿದ್ದಲ್ಲ.

ಬಾಟಲಿಯನ್ನು ಹಿಸುಕಿ ಗಾಳಿ ತೆಗೆದು ಮುಚ್ಚುವ ಉಪಾಯ ಮನೆಮನೆಯಲ್ಲೂ ಇದೆ. ಅದರಿಂದ ಉಪಯೋಗವಿಲ್ಲ. ಸೋಡಾದಿಂದ ಎದ್ದ ಗ್ಯಾಸು ಹಿಸುಕಿದ ಬಾಟಲಿಯನ್ನು ಒಳಗಿಂದ ತಳ್ಳಿ ಮತ್ತೆ ದುಂಡಗೆ ಮಾಡುತ್ತದೆ, ಆ ದುಂಡಗಾಗುವ ಜಾಗ ತುಂಬಿದ್ದು ಪೂರ್ತಿ ನಿಮ್ಮ ಸೋಡಾದ ಗ್ಯಾಸೇ. ಬೆಳಿಗ್ಗೆ ಬಾಟಲಿ ದುಂಡಗಾಗಿದ್ದರೆ ಉಪಾಯ ಫಲಿಸಲಿಲ್ಲ ಎಂಬುದಕ್ಕೆ ಅದೇ ಗುರುತು. ಗಾಳಿ ತುಂಬುವ ಪಂಪ್ ಮುಚ್ಚಳದ್ದೂ ಇದೇ ಕಥೆ. ಅದು ತುಂಬುವುದು ಗಾಳಿ, ಬೇಕಾದದ್ದು ಕಾರ್ಬನ್ ಡೈಆಕ್ಸೈಡು. ನೀರಿನ ಮೇಲಿನ ಒಟ್ಟು ಒತ್ತಡ ಹೆಚ್ಚಿದ್ದರಿಂದ ಗುಳ್ಳೆ ಏಳುವುದು ನಿಧಾನವಾಗುತ್ತದೆ, ಒಂದೆರಡು ಗಂಟೆ ತಳ್ಳಬಹುದು. ರಾತ್ರಿಯಿಡೀ ಇಟ್ಟರೆ ಮೇಲ್ಮೈಯಿಂದ ಹೋಗಬೇಕಾದದ್ದು ಹೋಗಿಯೇ ಇರುತ್ತದೆ.

ತುಂಬುವವರ ಕಡೆಯಿಂದ

ಸಿಲಿಂಡರ್ ಇಟ್ಟುಕೊಂಡು ಸೋಡಾ ತುಂಬುವ ಸಣ್ಣ ಅಂಗಡಿಗಳಿಗೂ ಇದೇ ಪಟ್ಟಿ. ಲೀಟರಿಗೆ 6.4 ಗ್ರಾಂ ಕೂರಿಸಬೇಕಾದರೆ 5 ಡಿಗ್ರಿಯ ನೀರಿಗೆ ರೆಗ್ಯುಲೇಟರ್ ಮೀಟರಿನಲ್ಲಿ 20 ಪಿಎಸ್‌ಐ ಸಾಕು, 30 ಡಿಗ್ರಿಯ ನೀರಿಗೆ 60 ಬೇಕು. ಬೇಸಿಗೆ ಬಂದರೂ ಮೀಟರನ್ನು ಚಳಿಗಾಲದ ಗುರುತಿಗೇ ಬಿಟ್ಟು, ತೊಟ್ಟಿಯ ನೀರನ್ನು ನೇರವಾಗಿ ಹಾಕಿದರೆ ಏಪ್ರಿಲ್‌ನ ಸೋಡಾ ಸಪ್ಪೆಯಾಗುವುದು ತುಂಬುವ ಹಂತದಲ್ಲೇ. ಮೀಟರ್ ಏರಿಸುವುದಕ್ಕಿಂತ ನೀರು ತಣ್ಣಗೆ ಮಾಡುವುದು ಒಳ್ಳೆಯದು. ಹೆಚ್ಚಿನ ಒತ್ತಡದಲ್ಲಿ ಬಿಸಿನೀರಿಗೆ ತುಂಬಿದ್ದು ಬಾಟಲಿ ಬಿಡಿಸುವಾಗಲೇ ಅರ್ಧ ನೊರೆಯಾಗಿ ಹೋಗುತ್ತದೆ.

ಇನ್ನೊಂದು ತಪ್ಪು ಕಣ್ಣಿಗೆ ಕಾಣುವುದಿಲ್ಲ. ಬಾಟಲಿಯ ಮೇಲುಭಾಗದ ಗಾಳಿಯನ್ನು ಹೊರಗೆ ಹಾಕದೆ ಗ್ಯಾಸು ಬಿಟ್ಟರೆ, ಮೀಟರ್ 20 ತೋರಿಸಿದರೂ ಆ ಒತ್ತಡದಲ್ಲಿ ಒಂದು ಪಾಲು ಗಾಳಿಯದು. ಒಮ್ಮೆ ಗ್ಯಾಸು ಬಿಟ್ಟು, ಮುಚ್ಚಳ ಸಡಿಲಿಸಿ ಗಾಳಿಯನ್ನು ಹೊರದಬ್ಬಿ, ಮತ್ತೆ ಬಿಡಬೇಕು. ಆಮೇಲೆ ಅರ್ಧ ನಿಮಿಷವಾದರೂ ಬಾಟಲಿಯನ್ನು ಕುಲುಕಬೇಕು, ಗ್ಯಾಸು ಒಳಗೆ ಹೋಗುವ ದಾರಿ ನೀರಿನ ಮೇಲ್ಮೈ ಒಂದೇ.

ಗೋಲಿ ಸೋಡಾದವರಿಗೆ ಸರಿಯಾಗಿ ತುಂಬಿದೆಯೋ ಇಲ್ಲವೋ ಎಂದು ನೋಡಲು ಮೀಟರೂ ಬೇಡ. 1872ರಲ್ಲಿ ಹೈರಮ್ ಕಾಡ್ ಪೇಟೆಂಟ್ ಪಡೆದ ಈ ಬಾಟಲಿಯಲ್ಲಿ ಮುಚ್ಚಳವೇ ಇಲ್ಲ. ಒಳಗಿನ ಗ್ಯಾಸು ಗೋಲಿಯನ್ನು ಕತ್ತಿನ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿದಿರುತ್ತದೆ. ಹೆಬ್ಬೆರಳು ಒತ್ತಿದ ಕೂಡಲೇ ಗೋಲಿ ಸಲೀಸಾಗಿ ಜಾರಿ ಬಿದ್ದು, ಸದ್ದು ಮೆತ್ತಗೆ ಬಂದರೆ ಗ್ಯಾಸು ಕಡಿಮೆ. ಫ್ರಿಜ್ಜಿನಿಂದ ತೆಗೆದ ಗೋಲಿ ಸೋಡಾದಲ್ಲಿ ಗೋಲಿ ಸುಲಭವಾಗಿ ಇಳಿದರೆ ಮಾತ್ರ ಅವಸರ ಪಡಬೇಡಿ. ಅದರ ಜೊತೆಗೇ ತುಂಬಿದ ಇನ್ನೊಂದು ಬಾಟಲಿಯನ್ನು ಅರ್ಧ ಗಂಟೆ ಹೊರಗಿಟ್ಟು ಒತ್ತಿ ನೋಡಿ, ಅಂಗೈ ಊರಬೇಕಾಗಿ ಬಂದರೆ ತುಂಬಿದವರ ತಪ್ಪೇನೂ ಇಲ್ಲ.